ಕುರ್ವೆ ಖಾಲಿ ಮಾಡೋಕೆ ಎಷ್ಟು ತಾಸು ಬೇಕು? ಡಿಸಿ ಆಫೀಸಿಗೆ ಬರೆಯೋ ನೆರೆ ಪತ್ರದಲ್ಲಿ ಇರ್ಬೇಕಾದ ಲೆಕ್ಕ

ಪ್ರತಿ ಮಳೆಗಾಲದ ಹೊಸ್ತಿಲಲ್ಲಿ ನಮ್ಮ ಕಡೆ ಹೊಳೆ ದಂಡೆ ಪಂಚಾಯತಿಗಳಿಂದ ಒಂದು ಪತ್ರ ಹೋಗತ್ತೆ. ಒಕ್ಕಣೆ ಎಲ್ಲರಿಗೂ ಬಾಯಿಪಾಠ. "ಮಾನ್ಯರೇ, ನಮ್ಮ ಗ್ರಾಮ ಪಂಚಾಯತ ವ್ಯಾಪ್ತಿಯ ತಗ್ಗು ಪ್ರದೇಶದ ಮಜರೆಗಳು ಪ್ರತಿವರ್ಷ ನೆರೆಗೆ ತುತ್ತಾಗುತ್ತಿದ್ದು ಜನಜೀವನ ಅಸ್ತವ್ಯಸ್ತವಾಗುತ್ತಿದೆ, ಕಾರಣ ನೆರೆ ಬರುವ ಮೊದಲೇ ಮುನ್ಸೂಚನೆ ನೀಡಬೇಕಾಗಿ ವಿನಂತಿ." ಕೆಳಗೆ ಅಧ್ಯಕ್ಷರ ಸಹಿ, ಸೀಲು, ಜಾವಕ ನಂಬರು. ಪತ್ರದಲ್ಲಿ ಸುಳ್ಳು ಏನೂ ಇಲ್ಲ, ಆದ್ರೆ ಓದಿದವ್ರು ಏನು ಮಾಡ್ಬೇಕು ಅಂತ ಅದರಲ್ಲಿ ಒಂದು ಸಾಲೂ ಇಲ್ಲ. ಹಾಗಾಗಿ ಯಾವ ಜಿಲ್ಲೆಯ ಆಫೀಸಾದ್ರೂ ಮಾಡೋದು ಒಂದೇ, "ಸೂಕ್ತ ಕ್ರಮಕ್ಕಾಗಿ" ಅಂತ ಬರೆದು ತಹಶೀಲ್ದಾರ್ರಿಗೆ ಕಳಿಸೋದು, ಅಲ್ಲಿಂದ ಗ್ರಾಮ ಆಡಳಿತಾಧಿಕಾರಿಗೆ, ಅವ್ರು ಬಂದು ಕೇಳೋದು ಮತ್ತೆ ಪಂಚಾಯತಿಗೇ, "ಯಾವ್ಯಾವ ಕೇರಿಗೆ ನೀರು ಬರತ್ತೆ ಹೇಳಿ" ಅಂತ. ಪತ್ರ ಊರು ಸುತ್ತಿ ಹೊರಟಲ್ಲಿಗೇ ವಾಪಸ್.

ನಾನು ಒಂದು ಅವಧಿಗೆ ಮೆಂಬರ್ ಆಗಿದ್ದೆ, ಇಂಥ ಪತ್ರಕ್ಕೆ ನಾನೂ ತಲೆ ಕುಣಿಸಿದವ್ನೇ. ಆಮೇಲೆ ಒಬ್ರು ಅಧ್ಯಕ್ಷೆ ಜೊತೆ ಕೂತು ಬೇರೆ ಥರ ಬರೆದ್ವಿ, ಅದನ್ನ ಬರೆಯೋಕೆ ಏನೇನು ಹುಡುಕ್ಬೇಕಾಯ್ತು ಅನ್ನೋದೇ ಈ ಲೇಖನ. ಊರಿನ ಹೆಸರು ಬೇಡ. ಕುಮಟಾ ತಾಲ್ಲೂಕಲ್ಲಿ ಅಘನಾಶಿನಿ ದಂಡೆಯ ಒಂದು ಪಂಚಾಯತಿ ಅಂದ್ಕೊಳ್ಳಿ, ಮೂರು ತಗ್ಗಿನ ಮಜರೆ, ಒಂದು ಹೊಳೆ ಪಕ್ಕದ ಕೇರಿ, ಒಂದು ಉಪ್ಪುನೀರು ನುಗ್ಗೋ ಗಜನಿ ಗದ್ದೆ ಅಂಚಿನ ಕೊಪ್ಪ, ಒಂದು ಕುರ್ವೆ ಅಂದ್ರೆ ಹೊಳೆ ನಡುವಿನ ನಡುಗಡ್ಡೆ. ಮನೆ, ದೋಣಿ, ಮೀಟರ್ ಇವುಗಳ ಸಂಖ್ಯೆ ಮಾತ್ರ ಲೆಕ್ಕ ತೋರ್ಸೋಕೆ ಅಂತ ನಾನೇ ಹಾಕಿದ್ದು, ನಿಮ್ಮೂರಿಂದು ನೀವು ಹಾಕ್ಕೊಳ್ಳಿ.

ಮೊದ್ಲು ಒಂದು ಮಾತು, ಮುನ್ಸೂಚನೆ ಬರೋದೇ ಇಲ್ಲ ಅನ್ನೋದು ತಪ್ಪು. ಮುನ್ಸೂಚನೆ ಬರತ್ತೆ, ಬೇಕಾದ್ದಕ್ಕಿಂತ ಜಾಸ್ತೀನೇ ಬರತ್ತೆ. ಹವಾಮಾನ ಇಲಾಖೆಯವ್ರು ಹಳದಿ, ಕಿತ್ತಳೆ, ಕೆಂಪು ಅಂತ ಅಲರ್ಟ್ ಕೊಡ್ತಾರಲ್ಲ, ಅದು ಮೊಬೈಲಿಗೆ ಬರತ್ತೆ, ವಾಟ್ಸಾಪಲ್ಲಿ ಹತ್ತು ಗ್ರೂಪಿಗೆ ಫಾರ್ವರ್ಡ್ ಆಗತ್ತೆ, ಶಾಲೆಗೆ ರಜೆನೂ ಸಿಗತ್ತೆ. ತೊಂದರೆ ಏನಂದ್ರೆ ಆ ಬಣ್ಣ ಇಡೀ ಜಿಲ್ಲೆಗೆ ಒಂದೇ, ಅದೂ ಮಳೆಗೆ, ಹೊಳೆಗಲ್ಲ. ಉತ್ತರ ಕನ್ನಡ ಅಂದ್ರೆ ಎಷ್ಟು ದೊಡ್ಡದು ನೋಡಿ, ಹಳಿಯಾಳ ಮುಂಡಗೋಡದ ಬಯಲು ಒಂದು ಕಡೆ, ಜೋಯಿಡಾ ಕಾಡು ಒಂದು ಕಡೆ, ಸಿರ್ಸಿ ಸಿದ್ದಾಪುರದ ಘಟ್ಟ, ಕೆಳಗೆ ಕಾರವಾರದಿಂದ ಭಟ್ಕಳದವರೆಗೆ ಕರಾವಳಿ. ಹವಾಮಾನ ಇಲಾಖೆ ಲೆಕ್ಕದಲ್ಲಿ 24 ತಾಸಲ್ಲಿ 64.5 ಮಿಲಿಮೀಟರ್ ದಾಟಿದ್ರೆ ಭಾರೀ ಮಳೆ, 115.6 ದಾಟಿದ್ರೆ ಅತಿ ಭಾರೀ, 204.4ಕ್ಕಿಂತ ಮೇಲೆ ಹೋದ್ರೆ ಅತ್ಯಂತ ಭಾರೀ. ನಮ್ಮ ಕರಾವಳಿಗೆ ಜುಲೈ ತಿಂಗ್ಳಲ್ಲಿ ನೂರು ಮಿಲಿಮೀಟರ್ ಅಂದ್ರೆ ಅದೇನು ದೊಡ್ಡ ಸುದ್ದಿ ಅಲ್ಲ ಮಾರಾಯ್ರೆ, ಹೊಲಿದಿಟ್ಟ ಕಂಬಳಿಕೊಪ್ಪೆ ಹಾಕ್ಕೊಂಡು ಜನ ನಟ್ಟಿಗೆ ಹೋಗ್ತಾರೆ. ಕೆಂಪು ಅಲರ್ಟ್ ಇದ್ದ ದಿನ ಕುರ್ವೆಗೆ ನೀರು ಬರದೇ ಇದ್ದದ್ದೂ ಉಂಟು, ಹಳದಿ ಇದ್ದ ದಿನ ಹೊಸ್ತಿಲಿಗೆ ಬಂದದ್ದೂ ಉಂಟು. ನಾಲ್ಕು ಸಲ ಹೀಗಾದ್ರೆ ಐದನೇ ಸಲ ಯಾರೂ ಮೆಸೇಜ್ ಓದಲ್ಲ.

ಹಳದಿ ದಿನ ನೀರು ಯಾಕೆ ಬಂತು ಅಂದ್ರೆ ಮಳೆ ಬಿದ್ದದ್ದು ಮೇಲೆ. ಅಘನಾಶಿನಿ ಹುಟ್ಟೋದು ಸಿರ್ಸಿ ಹತ್ರ, ಸಿದ್ದಾಪುರ ಕಡೆ ಹರಿದು ಉಂಚಳ್ಳಿಯಲ್ಲಿ ನೂರು ಮೀಟರಿಗಿಂತ ಜಾಸ್ತಿ ಎತ್ತರದಿಂದ ಧುಮುಕಿ, ಕಣಿವೆ ಇಳಿದು ಸಂತೆಗುಳಿ ದಾಟಿ, ಮಿರ್ಜಾನ್ ಹತ್ರ ಅಗಲ ಆಗಿ ತದಡಿಯಲ್ಲಿ ಸಮುದ್ರ ಸೇರೋದು. ಈ ಹೊಳೆಗೆ ಅಡ್ಡ ದೊಡ್ಡ ಡ್ಯಾಂ ಒಂದೂ ಇಲ್ಲ. ಅದಕ್ಕೆ ನೀರು ಸೇರಿಸೋ ಜಾಗ ಸಾವಿರ ಚದರ ಕಿಲೋಮೀಟರಿಗಿಂತ ಜಾಸ್ತಿ ಇದೆ. ಅಷ್ಟು ಜಾಗಕ್ಕೆ ನೂರು ಮಿಲಿಮೀಟರ್ ಬಿದ್ರೆ ಸುಮಾರು ಹತ್ತು ಕೋಟಿ ಘನ ಮೀಟರ್ ನೀರು, ಟಿಎಂಸಿ ಲೆಕ್ಕದಲ್ಲಿ ಮೂರೂವರೆ. ಜೂನ್ ಮೊದಲ ವಾರ ಆದ್ರೆ ಒಣಗಿದ ನೆಲ ಅದರಲ್ಲಿ ಸುಮಾರು ಪಾಲು ಕುಡೀತದೆ. ಜುಲೈ ಕೊನೆಗೆ ನೆಲದ ಹೊಟ್ಟೆ ತುಂಬಿರತ್ತೆ, ಅದೇ ನೂರು ಮಿಲಿಮೀಟರ್ ಬಹುಪಾಲು ಹೊಳೆಗೇ ಬರತ್ತೆ. ಕೆಳಗೆ ನಮ್ಮಲ್ಲಿ ಬಿಸಿಲು ಹೊಡೀತಾ ಇರ್ಬಹುದು, ಬಟ್ಟೆ ಒಣಗಿಸ್ತಾ ಇರ್ತಾರೆ, ಅಷ್ಟರಲ್ಲಿ ಹೊಳೆ ಬಣ್ಣ ಕೆಂಪಾಗತ್ತೆ, ಕಸ ಕಡ್ಡಿ, ಬಿದಿರುಮೆಳೆ ತೇಲ್ತಾ ಬರತ್ತೆ. ಹಳಬ್ರಿಗೆ ಅದೇ ಅಲರ್ಟ್.

ಇನ್ನೊಂದು ಕಡೆಯಿಂದ ಸಮುದ್ರ. ಅಮಾಸೆ ಹುಣ್ಮೆ ಸುತ್ತ ಭರತ ಜೋರಿರತ್ತೆ, ನಮ್ಮ ಕರಾವಳಿಯಲ್ಲಿ ಆ ದಿನಗಳಲ್ಲಿ ಭರತಕ್ಕೂ ಇಳಿತಕ್ಕೂ ಒಂದೂವರೆ ಎರಡು ಮೀಟರ್ ವ್ಯತ್ಯಾಸ ಬರತ್ತೆ, ನೀರು ಮೇಲೆ ಬರೋ ಹೊತ್ತು ಹೆಚ್ಚುಕಮ್ಮಿ ಮಧ್ಯಾಹ್ನ ಹನ್ನೊಂದು ಹನ್ನೆರಡು, ಮತ್ತೆ ರಾತ್ರಿ ಅದೇ ಹೊತ್ತು. ದಿನಾ ಮುಕ್ಕಾಲು ತಾಸಿಗಿಂತ ಸ್ವಲ್ಪ ಜಾಸ್ತಿ ಮುಂದೆ ಹೋಗ್ತಾ ಇರತ್ತೆ. ಅಳಿವೆ ಬಾಯಲ್ಲಿ ಭರತ ನಿಂತಾಗ ಮೇಲಿಂದ ಬಂದ ನೆರೆಗೆ ಹೋಗೋಕೆ ದಾರಿ ಇಲ್ಲ, ಹಿಂದಕ್ಕೆ ಗಜನಿಗೆ ನುಗ್ಗತ್ತೆ. ಗಜನಿ ಕಟ್ಟೆಯಲ್ಲಿ ನೀರು ಬಿಡೋ ಕಿಂಡಿಗೆ, ಅಂದ್ರೆ ಜಂತ್ರಡಿಗೆ, ಹಲಗೆ ಹಾಕಿದ್ರೂ ಕಟ್ಟೆ ಮೇಲಿಂದನೇ ಹಾಯ್ದು ಹೋದದ್ದು ಉಂಟು. ಅಂದ್ರೆ ಕುರ್ವೆಗೆ ಬರೋ ನೆರೆಗೆ ಮೂರು ಕಾರಣ, ಘಟ್ಟದ ಮಳೆ, ನೆಲ ಎಷ್ಟು ನೆನೆದಿದೆ, ಭರತದ ಹೊತ್ತು. ಜಿಲ್ಲೆಗೆ ಒಂದು ಬಣ್ಣ ಬಳಿಯೋ ಅಲರ್ಟಲ್ಲಿ ಈ ಮೂರೂ ಒಟ್ಟಿಗೆ ಸೇರಲ್ಲ, ಅದು ಅವರ ತಪ್ಪೂ ಅಲ್ಲ, ಅದು ಬೇರೆ ಕೆಲಸಕ್ಕೆ ಮಾಡಿದ್ದು.

ಹಾಗಾದ್ರೆ ಪತ್ರದಲ್ಲಿ ಏನು ಕೇಳ್ಬೇಕು? ನಾವು ಶುರು ಮಾಡಿದ್ದು ತುದಿಯಿಂದ, ಕುರ್ವೆಯಿಂದ. ಅಧ್ಯಕ್ಷೆ ಅಲ್ಲಿಯ ಒಬ್ಬ ಹಿರಿಯರ ಹತ್ರ ಕೇಳಿದ್ರು, "ನಿಮಗೆ ಎಷ್ಟು ಮುಂಚೆ ಹೇಳಿದ್ರೆ ಸಾಕು ಅಜ್ಜಾ?" ಅಂತ. ಅವ್ರು "ಹೇಳೂದು ಎಷ್ಟೊತ್ತಿಗಾದ್ರೂ ಹೇಳಿ ಅಕ್ಕಾ, ಆದ್ರೆ ದೋಣಿ ಒಂದೇ ಅದೆ" ಅಂದ್ರು. ನಂಗೆ ಅಲ್ಲಿವರೆಗೂ ಹೊಳೆದಿರ್ಲಿಲ್ಲ, ಮುನ್ಸೂಚನೆಗೆ ಎಷ್ಟು ತಾಸು ಬೇಕು ಅನ್ನೋದನ್ನ ಹೊಳೆ ಹೇಳಲ್ಲ, ದೋಣಿ ಹೇಳತ್ತೆ.

ಲೆಕ್ಕ ಹೀಗೆ. ಕುರ್ವೆಯಲ್ಲಿ 34 ಮನೆ, 140 ಜನ ಅಂದ್ಕೊಳ್ಳಿ. ದೋಣಿಗೆ ಒಂದು ಸಲಕ್ಕೆ ಹತ್ತು ಜನ, ಹೋಗಿ ಇಳಿಸಿ ವಾಪಸ್ ಬರೋಕೆ 25 ನಿಮಿಷ. 14 ಸಲ ಹೋಗ್ಬೇಕು, 350 ನಿಮಿಷ, ಆರು ತಾಸಿಗೆ ಹತ್ತು ನಿಮಿಷ ಕಮ್ಮಿ. ಎರಡು ದೋಣಿ ಸಿಕ್ಕಿದ್ರೆ ಮೂರು ತಾಸು. ಅದರ ಮೇಲೆ ಸುದ್ದಿ ಮುಟ್ಟೋಕೆ, ಕಾಗದಪತ್ರ ಅಕ್ಕಿ ಡಬ್ಬಿ ಅಟ್ಟಕ್ಕೆ ಹಾಕೋಕೆ, ದನ ಬಿಚ್ಚೋಕೆ ಒಂದೂವರೆ ತಾಸು ಇಡಿ. ಎರಡು ದೋಣಿ ಇದ್ದೂ ನಾಲ್ಕೂವರೆ ತಾಸು ಆಯ್ತು. ಇದು ಸೆಳೆತ ಕಮ್ಮಿ ಇದ್ದಾಗಿನ ಲೆಕ್ಕ, ನೀರು ಏರಿದ ಮೇಲೆ ದೋಣಿ ಹಾಕೋ ಧೈರ್ಯ ಯಾರಿಗೂ ಇಲ್ಲ, ಕತ್ತಲಾದ್ಮೇಲಂತೂ ಆಗೋದೇ ಇಲ್ಲ. ಹಾಗಾಗಿ ಕುರ್ವೆಗೆ ಬೇಕಾದ್ದು ಎರಡು, ಒಂದು ಕಮ್ಮಿ ಅಂದ್ರೆ ಐದು ತಾಸು, ಎರಡನೇದು ರಾತ್ರಿ ನೀರು ಬರೋ ಸಂಭವ ಇದ್ರೆ ಹಗಲು ಹನ್ನೆರಡರ ಒಳಗೇ ಹೇಳೋದು, ಯಾಕಂದ್ರೆ ಮೋಡ ಕವಿದ ಜುಲೈಯಲ್ಲಿ ಆರು ಗಂಟೆಗೇ ಕತ್ತಲು, ಆರರಿಂದ ಐದು ತಾಸು ಹಿಂದೆ ಎಣಿಸಿದ್ರೆ ಒಂದು ಗಂಟೆ, ಒಂದು ತಾಸು ಕೈಲಿ ಇಟ್ಕೊಂಡ್ವಿ. ಹೊಳೆ ಪಕ್ಕದ ಕೇರಿಗೆ ರಸ್ತೆ ಇದೆ, ಅವರಿಗೆ ಎರಡು ತಾಸು ಸಾಕು. ಗಜನಿ ಅಂಚಿನ ಕೊಪ್ಪಕ್ಕೆ ನೀರು ನಿಧಾನ ಏರತ್ತೆ, ಆದ್ರೆ ಹೋಗೋ ದಾರಿ ಮನೆಗಿಂತ ಮೊದ್ಲು ಮುಳುಗತ್ತೆ, ಇದು ಮೇಲ್ನೋಟಕ್ಕೆ ಕಾಣಲ್ಲ. ಅವರಿಗೆ ಹೊಸ್ತಿಲಿನ ಲೆಕ್ಕ ಹಾಕ್ಬಾರ್ದು, ದಾರಿಯ ಮೋರಿ ಮುಳುಗೋ ಲೆಕ್ಕ ಹಾಕ್ಬೇಕು.

ಈಗ ಎರಡನೇ ಪ್ರಶ್ನೆ, ಎಲ್ಲಿ ಎಷ್ಟು ನೀರು ಬಂದ್ರೆ ನಮ್ಮಲ್ಲಿ ಹೊಸ್ತಿಲಿಗೆ ಬರತ್ತೆ? ಇದಕ್ಕೆ ಊರಲ್ಲೊಂದು ಅಳತೆಕೋಲು ಬೇಕು. ಸೇತುವೆ ಕಂಬದ ಮೇಲೆ ಬಣ್ಣದಲ್ಲಿ ಮೀಟರ್ ಗುರುತು ಹಾಕ್ಸಿದ್ರೆ ಸಾಕು, ಲೋಕೋಪಯೋಗಿಯವರ ಅನುಮತಿ ಕೇಳಿ. ಕೆಲವರು ಗಾರೆ ಕೆಲಸದವರ ಲೆವೆಲ್ ಪೈಪ್ ಹಿಡ್ಕೊಂಡು ಕಂಬದಿಂದ ಹೊಸ್ತಿಲಿಗೆ ಎತ್ತರ ಎಳೀತಾರೆ, ಪೈಪಲ್ಲಿ ನೀರು ಸಮ ನಿಲ್ಲತ್ತೆ ನಿಜ, ಆದ್ರೆ ಹರಿಯೋ ಹೊಳೆ ಸಮ ಇರಲ್ಲ. ನೆರೆ ಹೊತ್ತಲ್ಲಿ ಮೇಲಿನ ಕಡೆ ನೀರು ಎತ್ತರ, ಕೆಳಗಿನ ಕಡೆ ತಗ್ಗು, ಒಂದು ಕಿಲೋಮೀಟರ್ ದೂರ ಅಂದ್ರೂ ಲೆಕ್ಕ ತಪ್ಪತ್ತೆ. ಅದಕ್ಕೆ ಒಳ್ಳೇ ದಾರಿ ಅಂದ್ರೆ ನೆರೆ ಬಂದಾಗಲೇ ಬರೆದಿಡೋದು. ಕೆಳಗಿನ ಮನೆ ಹೊಸ್ತಿಲಿಗೆ ನೀರು ತಾಗಿದ ಗಳಿಗೆಗೆ ಸೇತುವೆ ಕಂಬದಲ್ಲಿ ಎಷ್ಟಿತ್ತು, ಆಗ ಗಂಟೆ ಎಷ್ಟು, ಭರತ ಏರ್ತಾ ಇತ್ತೋ ಇಳೀತಾ ಇತ್ತೋ, ಮೂರು ಸಂಗತಿ. ಒಂದೇ ನೋಟ್‌ಬುಕ್ಕು, ಬರೆಯೋಕೆ ಒಬ್ಬರು, ಅವ್ರಿಲ್ಲದಿದ್ರೆ ಇನ್ನೊಬ್ಬರು. ಕಂಬದಲ್ಲಿ 4.2 ಮೀಟರ್ ಇದ್ದಾಗ ಇಳಿತ ಇದ್ರೆ ಕುರ್ವೆ ಹೊಸ್ತಿಲಿಗೆ ಇನ್ನೂ ಒಂದು ಮೊಳ ಇರತ್ತೆ, ಅದೇ 4.2ಕ್ಕೆ ಭರತ ಇದ್ರೆ ನೀರು ಒಳಗೆ. ಇದು ಗೊತ್ತಾಗೋದು ಬರೆದಿಟ್ರೆ ಮಾತ್ರ.

ಹಳೇ ನೆರೆಗಳನ್ನೂ ಬಿಡ್ಬಾರ್ದು. 2019ರ ಆಗಸ್ಟ್, 2021ರ ಜುಲೈ ಈ ಎರಡು ನಮ್ಮ ಜಿಲ್ಲೆಯಲ್ಲಿ ಯಾರೂ ಮರೆಯೋ ಹಾಗಿಲ್ಲ. ಗೋಡೆ ಮೇಲೆ ಕೆಸರಿನ ಗೆರೆ ಕೆಲವು ಮನೆಯಲ್ಲಿ ಇನ್ನೂ ಇದೆ, ಮೊಬೈಲಲ್ಲಿ ಫೋಟೋ ಇವೆ. ಫೋಟೋ ಅಂದ್ರೆ ಬಂಗಾರ, ಯಾಕಂದ್ರೆ ಅದರೊಳಗೆ ದಿನ ಮತ್ತು ಗಂಟೆ ಇರತ್ತೆ (ವಾಟ್ಸಾಪಲ್ಲಿ ಬಂದ ಫಾರ್ವರ್ಡ್ ಆಗಲ್ಲ, ತೆಗೆದವರ ಫೋನಲ್ಲೇ ನೋಡ್ಬೇಕು). ನಾವು ಹೀಗೆ ಮನೆಮನೆ ತಿರುಗಿ ಯಾವ ದಿನ ಎಷ್ಟು ಹೊತ್ತಿಗೆ ಯಾರ ಮನೆ ಮೆಟ್ಟಿಲಿಗೆ ನೀರು ಬಂತು ಅಂತ ಒಂದು ಪಟ್ಟಿ ಮಾಡಿದ್ವಿ. ಪತ್ರಕ್ಕೆ ಲಗತ್ತಿಸಿದ್ದು ಇದನ್ನೇ, ಇಡೀ ಪತ್ರದಲ್ಲಿ ತೂಕ ಇರೋದು ಇದಕ್ಕೇ.

ಯಾಕೆ ಅಂದ್ರೆ, ಆಫೀಸಿನ ಕಡೆ ಮಳೆ ಲೆಕ್ಕ ಇದೆ, ಹೊಳೆ ಲೆಕ್ಕ ಇದೆ, ಹೊಸ್ತಿಲಿನ ಲೆಕ್ಕ ಇಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವ್ರು ಪಂಚಾಯತಿ ಮಟ್ಟದಲ್ಲಿ ತಾನೇ ಲೆಕ್ಕ ಕಳಿಸೋ ಮಳೆಮಾಪಕ ಇಟ್ಟಿದ್ದಾರೆ, ಹದಿನೈದು ನಿಮಿಷಕ್ಕೊಮ್ಮೆ ಅಂಕಿ ಬರತ್ತೆ. ಸಿರ್ಸಿ ಸಿದ್ದಾಪುರದ ಘಟ್ಟದ ಪಂಚಾಯತಿಗಳಲ್ಲಿ ಆ ದಿನ ಯಾವ ತಾಸಿಗೆ ಎಷ್ಟು ಬಿತ್ತು ಅನ್ನೋದು ಅವರ ದಾಖಲೆಯಿಂದ ತೆಗೀಬಹುದು. ಸಂತೆಗುಳಿಯಲ್ಲಿ ಕೇಂದ್ರ ಜಲ ಆಯೋಗದವರ ಮಾಪನ ಕೇಂದ್ರ ಇದೆ, ಅಲ್ಲಿ ಹೊಳೆ ಎತ್ತರ ಅಳೀತಾರೆ. ಒಂದು ಸೂಕ್ಷ್ಮ ಇಲ್ಲಿ ತಿಳ್ಕೊಂಡಿರಿ, ಆಯೋಗದ ಕೇಂದ್ರಗಳಲ್ಲಿ ಎರಡು ಜಾತಿ. ಬರೀ ಅಳತೆ ಮಾಡಿ ದಾಖಲೆ ಇಡೋವು ಒಂದು, ಮುಂದೆ ಇಷ್ಟು ತಾಸಿಗೆ ಇಷ್ಟು ಎತ್ತರ ಬರತ್ತೆ ಅಂತ ಮುನ್ಸೂಚನೆ ಕೊಡೋವು ಇನ್ನೊಂದು. ಹೊಳೆಯಲ್ಲಿ ಕೋಲು ಇದೆ ಅಂದ ಮಾತ್ರಕ್ಕೆ ಮುನ್ಸೂಚನೆ ಬರತ್ತೆ ಅಂತಲ್ಲ. ಪತ್ರದಲ್ಲಿ ಇದನ್ನ ನೇರ ಕೇಳಿ, ನಮ್ಮ ಹೊಳೆಯ ಕೇಂದ್ರ ಯಾವ ಜಾತಿ, ಅದರ ಎಚ್ಚರಿಕೆ ಮಟ್ಟ ಎಷ್ಟು, ಅಪಾಯ ಮಟ್ಟ ಎಷ್ಟು, ಅಲ್ಲಿಯ ಅಂಕಿ ಮಳೆಗಾಲದಲ್ಲಿ ಯಾರ ಮೊಬೈಲಿಗೆ ಬರತ್ತೆ.

ಈಗ ಎರಡೂ ಪಟ್ಟಿ ಪಕ್ಕಪಕ್ಕ ಇಡಿ. ನಮ್ಮದು "ಇಂಥ ದಿನ ಮಧ್ಯಾಹ್ನ ಮೂರಕ್ಕೆ ಕುರ್ವೆ ಹೊಸ್ತಿಲಿಗೆ ನೀರು", ಅವರದು "ಅದೇ ದಿನ ಮಧ್ಯಾಹ್ನ ಹನ್ನೆರಡಕ್ಕೆ ಸಂತೆಗುಳಿಯಲ್ಲಿ ಇಷ್ಟು, ಹಿಂದಿನ ರಾತ್ರಿ ಘಟ್ಟದಲ್ಲಿ ಆರು ತಾಸಲ್ಲಿ ಇಷ್ಟು". ನಾಲ್ಕೈದು ನೆರೆಗೆ ಹೀಗೆ ಹೊಂದಿಸಿದ್ರೆ ಮೇಲಿನ ನೀರು ಕೆಳಗೆ ಬರೋಕೆ ಎಷ್ಟು ತಾಸು ತಗೊಳ್ಳತ್ತೆ ಅಂತ ಒಂದು ಅಂದಾಜು ಸಿಗತ್ತೆ. ಲೆಕ್ಕಕ್ಕೆ ಅಂತ ಮೂರು ತಾಸು ಅಂದ್ಕೊಳ್ಳೋಣ. ಕೇರಿಗೆ ಬೇಕಾದ್ದು ಎರಡು ತಾಸು, ಸಂತೆಗುಳಿ ನೋಡಿ ಹೇಳಿದ್ರೆ ಆಯ್ತು. ಆದ್ರೆ ಕುರ್ವೆಗೆ ಬೇಕಾದ್ದು ಐದು! ಹೊಳೆ ಏರಿದ ಮೇಲೆ ಹೇಳಿದ್ರೆ ಕುರ್ವೆ ಪಾಲಿಗೆ ಆಗಲೇ ತಡ. ಹಾಗಾಗಿ ಕುರ್ವೆಗೆ ಹೊಳೆ ನೋಡಿ ಹೇಳೋ ಹಾಗಿಲ್ಲ, ಘಟ್ಟದ ಮಳೆ ನೋಡಿ ಹೇಳ್ಬೇಕು. ಮಳೆ ನೋಡಿ ಹೇಳಿದ್ರೆ ಹೊತ್ತು ಜಾಸ್ತಿ ಸಿಗತ್ತೆ, ಆದ್ರೆ ಸುಳ್ಳಾಗೋದೂ ಜಾಸ್ತಿ. ಹೊಳೆ ನೋಡಿ ಹೇಳಿದ್ರೆ ಸುಳ್ಳಾಗೋದು ಕಮ್ಮಿ, ಹೊತ್ತೂ ಕಮ್ಮಿ. ಇದಕ್ಕೆ ನಾವು ಕಂಡ್ಕೊಂಡ ದಾರಿ ಎರಡು ಮೆಟ್ಟಿಲಿನ ಸೂಚನೆ. ಘಟ್ಟದಲ್ಲಿ ಮಳೆ ಗೆರೆ ದಾಟಿದಾಗ "ತಯಾರಾಗಿ" ಅಂತ, ಅಷ್ಟೊತ್ತಿಗೆ ಕುರ್ವೆಯಿಂದ ಮುದುಕರು, ಬಾಣಂತಿ, ಹಾಸಿಗೆ ಹಿಡಿದವ್ರು, ದನ ಇಷ್ಟು ದಾಟ್ಬೇಕು, ಎರಡನೇ ದೋಣಿ ಬಂದು ನಿಲ್ಬೇಕು. ಸಂತೆಗುಳಿ ಗೆರೆ ದಾಟಿದಾಗ "ಹೊರಡಿ". ಮೊದಲ ಮೆಟ್ಟಿಲಲ್ಲೇ ಐವತ್ತು ಜನ ದಾಟಿದ್ರೆ ಉಳಿದ 90 ಜನಕ್ಕೆ ಎರಡು ದೋಣಿಯಲ್ಲಿ ಒಂಬತ್ತು ಸಲ, ಎರಡು ತಾಸು ಚಿಲ್ಲರೆ ಸಾಕಾಗತ್ತೆ. ಮೂರು ತಾಸಿನೊಳಗೆ ಮುಗೀತು. ಮೊದಲನೇದು ಸುಳ್ಳಾದ್ರೂ ಯಾರೂ ಬೈಯಲ್ಲ, ಅಜ್ಜಿ ಒಂದು ರಾತ್ರಿ ಮಗಳ ಮನೇಲಿ ಮಲಗಿ ಬಂದ್ಲು ಅಷ್ಟೇ.

ಇಷ್ಟಾದ್ಮೇಲೆ ಪತ್ರ ಬರೆಯೋದು ಸುಲಭ, ಎರಡೇ ಪುಟ. ಮುಖ್ಯ ಭಾಗ ಹೀಗಿತ್ತು:

"ವಿಷಯ: ನಮ್ಮ ಪಂಚಾಯತ ವ್ಯಾಪ್ತಿಯ ಮೂರು ತಗ್ಗಿನ ಮಜರೆಗಳಿಗೆ ಎರಡು ಹಂತದ ನೆರೆ ಮುನ್ಸೂಚನೆ ನೀಡುವ ಕುರಿತು. ಲಗತ್ತು 1ರಲ್ಲಿ ಹಿಂದಿನ ನೆರೆಗಳ ದಿನ, ಗಂಟೆ ಮತ್ತು ನೀರು ತಲುಪಿದ ಮನೆಗಳ ವಿವರ ನೀಡಿದೆ. ಲಗತ್ತು 2ರಲ್ಲಿ ಪ್ರತಿ ಮಜರೆಯ ಮನೆ, ಜನ, ತಾವಾಗಿ ನಡೆಯಲಾಗದವರು, ದನಕರು, ದೋಣಿ ಹಾಗೂ ತೆರವಿಗೆ ಬೇಕಾಗುವ ತಾಸುಗಳ ವಿವರವಿದೆ. ಕೋರಿಕೆ: ಲಗತ್ತು 1ರ ದಿನಗಳಂದು ಸಿರ್ಸಿ ಹಾಗೂ ಸಿದ್ದಾಪುರ ತಾಲ್ಲೂಕುಗಳ ಮಳೆಮಾಪಕಗಳ ಮತ್ತು ಸಂತೆಗುಳಿ ಮಾಪನ ಕೇಂದ್ರದ ಅಂಕಿಗಳನ್ನು ಹೊಂದಿಸಿ, 'ತಯಾರಾಗಿ' ಮತ್ತು 'ಹೊರಡಿ' ಸೂಚನೆಗಳಿಗೆ ಮಿತಿಗಳನ್ನು ನಿಗದಿಪಡಿಸಬೇಕು. ಮಿತಿ ದಾಟಿದ ಕೂಡಲೇ ಜಿಲ್ಲಾ ನಿಯಂತ್ರಣ ಕೊಠಡಿಯಿಂದ ಲಗತ್ತು 3ರಲ್ಲಿರುವ ಐವರಿಗೆ ನೇರವಾಗಿ ದೂರವಾಣಿ ಕರೆ ಮಾಡಬೇಕು. ಅಪಾಯ ಕಳೆದ ಸೂಚನೆಯನ್ನೂ ಇದೇ ಕ್ರಮದಲ್ಲಿ ನೀಡಬೇಕು."

ಮಿತಿ ಎಷ್ಟು ಅಂತ ನಾವು ಬರೆದಿಲ್ಲ, ನೋಡಿ. ಅಷ್ಟು ಮಿಲಿಮೀಟರ್ ಇಷ್ಟು ಮೀಟರ್ ಅಂತ ನಾವೇ ಬರೆದ್ರೆ "ಇದಕ್ಕೆ ಆಧಾರ ಏನು" ಅಂತ ಒಂದು ಪ್ರಶ್ನೆ ಬರತ್ತೆ, ಪತ್ರ ಅಲ್ಲೇ ಮಲಗತ್ತೆ. ನಮಗೆ ಗೊತ್ತಿರೋದನ್ನ ನಾವು ಕೊಟ್ವಿ, ಅವರ ಹತ್ರ ಇರೋದನ್ನ ಅವ್ರು ಸೇರಿಸ್ಲಿ. ಇದನ್ನ ಕೇಳೋಕೆ ಕಾನೂನಿನ ಬಲನೂ ಇದೆ. ವಿಪತ್ತು ನಿರ್ವಹಣಾ ಕಾಯ್ದೆ 2005ರ ಪ್ರಕಾರ ಜಿಲ್ಲೆಗೊಂದು ಪ್ರಾಧಿಕಾರ, ಜಿಲ್ಲಾಧಿಕಾರಿಗಳೇ ಅದಕ್ಕೆ ಅಧ್ಯಕ್ಷರು, ಮುನ್ನೆಚ್ಚರಿಕೆ ವ್ಯವಸ್ಥೆ ಮಾಡಿ ಜನರಿಗೆ ಮುಟ್ಟಿಸೋದು 30ನೇ ಕಲಮಿನಲ್ಲಿ ಹೇಳಿದ ಅವರ ಕೆಲಸಗಳಲ್ಲಿ ಒಂದು. ಅದಕ್ಕೆ ಪತ್ರ ಬರೆಯೋವಾಗ "ಜಿಲ್ಲಾಧಿಕಾರಿಗಳು ಹಾಗೂ ಅಧ್ಯಕ್ಷರು, ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ" ಅಂತ ಬರೀರಿ. ಸುಮ್ಮನೆ ಅಧ್ಯಕ್ಷರ ಸಹಿ ಸಾಲದು, ಸಾಮಾನ್ಯ ಸಭೆಯಲ್ಲಿ ಠರಾವು ಮಾಡಿ ಅದರ ನಂಬರು ಹಾಕಿ. ಪ್ರತಿಯನ್ನ ಎ.ಸಿ., ತಹಶೀಲ್ದಾರ್, ತಾಲ್ಲೂಕು ಪಂಚಾಯತಿ ಇ.ಒ. ಮೂವರಿಗೂ ಕಳ್ಸಿ. ಕಳಿಸೋ ಹೊತ್ತು ಏಪ್ರಿಲ್, ಜೂನ್ ಅಲ್ಲ. ಜೂನ್ ಶುರುವಿಗೆ ಮಳೆಗಾಲ ಬಂದು ಕೂರತ್ತೆ, ಆಮೇಲೆ ಹಳೇ ಅಂಕಿ ತೆಗೆದು ಹೊಂದಿಸ್ತಾ ಕೂರೋಕೆ ಯಾರಿಗೂ ಪುರುಸೊತ್ತಿಲ್ಲ.

ಐವರಿಗೆ ಫೋನ್ ಕರೆ ಅಂತ ಯಾಕೆ ಹಟ ಹಿಡಿದ್ವಿ ಅಂತ ಕೆಲವರು ಕೇಳಿದ್ರು, ಈಗ ಎಸ್ಸೆಮ್ಮೆಸ್ ಬರತ್ತಲ್ಲ ಅಂತ. ಬರತ್ತೆ. ಸಚೇತ್ ಅನ್ನೋ ವ್ಯವಸ್ಥೆಯಲ್ಲಿ ನಕ್ಷೆ ಮೇಲೆ ಗೆರೆ ಎಳೆದು ಆ ಜಾಗದೊಳಗಿನ ಮೊಬೈಲುಗಳಿಗೆ ಮಾತ್ರ ಸಂದೇಶ ಕಳಿಸೋಕೆ ಆಗತ್ತೆ, ಅದನ್ನೂ ಕೇಳಿ, ಕುರ್ವೆ ಕೇರಿ ಕೊಪ್ಪ ಮೂರರ ನಕ್ಷೆ ಪತ್ರದ ಜೊತೆ ಕೊಡಿ. ಆದ್ರೆ ನೆರೆ ದಿನ ನಮ್ಮಲ್ಲಿ ಮೊದ್ಲು ಹೋಗೋದು ಕರೆಂಟು, ಆಮೇಲೆ ಟವರಿನ ಬ್ಯಾಟರಿ. ಟವರ್ ಸತ್ತ ಮೇಲೆ ಎಸ್ಸೆಮ್ಮೆಸ್ಸೂ ಇಲ್ಲ ಫೋನೂ ಇಲ್ಲ. ಹಾಗಾಗಿ ಐವರು ಒಂದೇ ಟವರ್ ಅಡಿಯವ್ರು ಆಗಿರ್ಬಾರ್ದು, ಒಂದೇ ಕಂಪನಿ ಸಿಮ್ ಆಗಿರ್ಬಾರ್ದು, ಇಬ್ರಾದ್ರೂ ಹೊಳೆಯಿಂದ ದೂರ ಹೆದ್ದಾರಿ ಕಡೆ ಇರೋರು ಇರ್ಬೇಕು. ಅವರಿಂದ ಮುಂದೆ ಕಾಲ್ನಡಿಗೆ, ಬೈಕು, ಕಸದ ಗಾಡಿಯ ಮೈಕು. ಕಸದ ಗಾಡಿ ಮೈಕಿಗೆ ಬೆಳಿಗ್ಗೆ ಹಾಕೋ ಹಾಡೇ ಕೇಳಿ ಕೇಳಿ ಜನರಿಗೆ ಅಭ್ಯಾಸ, ಬೇರೆ ಸದ್ದು ಬಂದ್ರೆ ಕಿವಿ ನಿಮಿರತ್ತೆ. ಕುರ್ವೆಗೆ ಗಾಡಿ ಹೋಗಲ್ಲ, ಅಲ್ಲಿಗೆ ದೇವಸ್ಥಾನದ ಜಾಗಟೆ, ಬಿಡದೆ ಬಾರಿಸಿದ್ರೆ ಹೊರಡಿ ಅಂತ ಅರ್ಥ. ಗರ್ನಾಲು ಹಾರಿಸೋಣ ಅಂದ್ರು ಹುಡುಗ್ರು, ಆ ಮಳೇಲಿ ಬತ್ತಿ ಹತ್ತೋದು ಹೇಗೆ ಅಂತ ಯಾರೂ ಹೇಳ್ಲಿಲ್ಲ.

ಕಾಳಿ, ಶರಾವತಿ ದಂಡೆಯವರಿಗೆ ಪತ್ರ ಸ್ವಲ್ಪ ಬೇರೆ ಆಗತ್ತೆ. ಅಲ್ಲಿ ಮಳೆಗೂ ಕೇರಿಗೂ ನಡುವೆ ಗೇಟು ಇದೆ. ಕಾಳಿಗೆ ಮೇಲೆ ಸೂಪಾ, ಆಮೇಲೆ ಕೊಡಸಳ್ಳಿ, ಕೊನೆಗೆ ಕದ್ರಾ. ಶರಾವತಿಗೆ ಲಿಂಗನಮಕ್ಕಿ, ಕೆಳಗೆ ಗೇರುಸೊಪ್ಪ. ಸೂಪಾ ಸುಮಾರು 147 ಟಿಎಂಸಿ ಹಿಡಿಯೋ ದೊಡ್ಡ ಹೊಟ್ಟೆ, ಕದ್ರಾ ಅದರ ಹತ್ತನೇ ಒಂದು ಪಾಲೂ ಇಲ್ಲ, ಪೂರ್ತಿ ಮಟ್ಟ 34.5 ಮೀಟರ್. ಸಣ್ಣ ಹೊಟ್ಟೆ ಬೇಗ ತುಂಬತ್ತೆ, ಸುತ್ತಲಿನ ಕಾಡಿನ ಮಳೆ ನೇರ ಅದಕ್ಕೇ ಬಂದ್ರೆ ಗೇಟ್ ತೆಗೆಯೋಕೆ ಹೆಚ್ಚು ಹೊತ್ತು ಕಾಯೋ ಹಾಗಿಲ್ಲ. "ನೀರು ಬಿಡ್ಬೇಡಿ" ಅಂತ ಬರೆದ್ರೆ ಪ್ರಯೋಜನ ಇಲ್ಲ, ಡ್ಯಾಂ ಉಳೀಬೇಕಲ್ಲ. ಕೇಳ್ಬೇಕಾದ್ದು ಗೇಟ್ ತೆಗೆಯೋ ಎಷ್ಟು ತಾಸು ಮೊದ್ಲು ಹೇಳ್ತೀರಿ, ಎಷ್ಟು ಕ್ಯೂಸೆಕ್, ಒಮ್ಮೆಲೇ ಬಿಡ್ತೀರೋ ಹಂತಹಂತವಾಗಿಯೋ, ಹೆಚ್ಚಿಸೋವಾಗ ಮತ್ತೆ ಹೇಳ್ತೀರೋ, ಮತ್ತೆ ಅಷ್ಟು ಕ್ಯೂಸೆಕ್‌ಗೆ ನಮ್ಮ ಸೇತುವೆ ಕಂಬದಲ್ಲಿ ಎಷ್ಟು ಮೀಟರ್ ಬರತ್ತೆ. ಕೊನೇದು ಇಲ್ದಿದ್ರೆ "ಐವತ್ತು ಸಾವಿರ ಕ್ಯೂಸೆಕ್ ಬಿಡಲಾಗುವುದು" ಅನ್ನೋ ಮೆಸೇಜ್ ಕೇರಿಯವರಿಗೆ ಏನೂ ಹೇಳಲ್ಲ. ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ 28 ಲೀಟರ್ ಚಿಲ್ಲರೆ, ಅದನ್ನ ಗುಣಿಸಿ ಯಾರ ಅಂಗಳದವರೆಗೆ ಅಂತ ಯಾರು ಲೆಕ್ಕ ಹಾಕ್ತಾರೆ?

ಇದೆಲ್ಲ ಮಾಡಿದ್ರೂ ಸಿಗದೇ ಇರೋ ನೆರೆ ಉಂಟು. ನಮ್ಮ ಊರಿನ ಹಿಂದಿನ ಗುಡ್ಡದ ಮೇಲೇ ಒಂದೆರಡು ತಾಸು ಕೊಡದಲ್ಲಿ ಸುರಿದ ಹಾಗೆ ಸುರಿದ್ರೆ ಸಣ್ಣ ಹಳ್ಳ ಅರ್ಧ ತಾಸಲ್ಲಿ ಏರತ್ತೆ, ಅದಕ್ಕೆ ಸಂತೆಗುಳಿಯ ಕೋಲು ಏನೂ ಹೇಳಲ್ಲ, ಊರ ಮಳೆಮಾಪಕ ನೋಡಿ ನಾವೇ ಓಡ್ಬೇಕು. ಇನ್ನೊಂದು 2024ರ ಜುಲೈ 16ರದ್ದು. ಅಂಕೋಲಾದ ಶಿರೂರಲ್ಲಿ ಗುಡ್ಡ ಕುಸಿದು ಹೆದ್ದಾರಿ ದಾಟಿ ಗಂಗಾವಳಿಗೆ ಬಿತ್ತಲ್ಲ, ಆ ಮಣ್ಣು ನೀರನ್ನ ಆಚೆ ದಡದ ಉಳುವರೆಗೆ ಎತ್ತಿ ಎಸೀತು, ಮನೆಗಳು ಹೋದವು, ಜೀವವೂ ಹೋಯ್ತು. ಹೊಳೆ ಅಳತೆಯಿಂದ ಅದನ್ನ ಮುಂಚೆ ಹೇಳೋಕೆ ಆಗಲ್ಲ, ಗುಡ್ಡ ನೋಡೋ ವ್ಯವಸ್ಥೆ ಬೇರೆಯೇ ಆಗ್ಬೇಕು. ಪತ್ರದಲ್ಲಿ ಅದನ್ನೂ ಇದನ್ನೂ ಕಲಸ್ಬೇಡಿ, ಗುಡ್ಡಕ್ಕೆ ಬೇರೆ ಪತ್ರ, ಅದು ಹೋಗೋ ಟೇಬಲ್ಲೂ ಬೇರೆ.

ಪತ್ರ ಕೊಟ್ಟು ಸ್ವೀಕೃತಿ ತಗೊಂಡ ಮೇಲೆ ಮೇ ಕೊನೆಯಲ್ಲಿ ಒಂದು ಅಣಕು ಮಾಡಿದ್ವಿ, ಮಳೆ ಇಲ್ಲದ ದಿನ. ತಾಲ್ಲೂಕಿಂದ ಫೋನ್ ಬಂತು, ಐವರಲ್ಲಿ ಮೂವರು ಎತ್ತಿದ್ರು, ಒಬ್ಬರದು ಸ್ವಿಚಾಫ್, ಇನ್ನೊಬ್ಬರು ಹೊಸ ನಂಬರ್ ತಗೊಂಡಿದ್ರು. ಜಾಗಟೆ ಕೇಳಿ ಕುರ್ವೆಯವ್ರು ದೋಣಿ ಹತ್ತಿ ಬಂದು, ಕಾಳಜಿ ಕೇಂದ್ರ ಅಂತ ಬರೆದಿದ್ದ ಶಾಲೆ ಮುಂದೆ ನಿಂತ್ರು. ಬೀಗ ಹಾಕಿತ್ತು, ಬೇಸಿಗೆ ರಜೆ, ಕೀಲಿ ಇದ್ದವ್ರು ಮದುವೆಗೆ ಅಂತ ಸಿರ್ಸಿಗೆ ಹೋಗಿದ್ರು. ಮಾರನೇ ದಿನ ಲಗತ್ತು 3ಕ್ಕೆ ಒಂದು ಸಾಲು ಸೇರಿಸಿದ್ವಿ, ಶಾಲೆಯ ಎರಡನೇ ಕೀಲಿ ದೋಣಿ ಬಿಡುವವರ ಮನೆಯಲ್ಲಿ ಇರತಕ್ಕದ್ದು.